ಫೇಲಾದ ಹುಡುಗನನ್ನು ಬೀಳ್ಕೊಡುಗೆ ವೇದಿಕೆಗೆ ಹತ್ತಿಸಿದ ಕಥೆ: ನನ್ನ ಅನುಭವ

ಹತ್ತನೇ ತರಗತಿಯ ಬೀಳ್ಕೊಡುಗೆಗೆ ಸಾಧಕರನ್ನಲ್ಲ, ಅದೇ ಶಾಲೆಯಲ್ಲಿ ಹಿಂದಿನ ವರ್ಷ ಫೇಲಾದ ಹುಡುಗನನ್ನು ಕರೆತಂದು ಮಾತಾಡಿಸುತ್ತೇನೆ ಎಂದು ಮೊದಲ ಸಲ ಹೇಳಿದಾಗ ನಮ್ಮ ಭಾಷಣದ ಬಳಗದಲ್ಲಿ ನಗದವರು ಕಡಿಮೆ. ಎಚ್‌ಎಂ ಒಬ್ಬರು, "ಪರೀಕ್ಷೆಗೆ ಇನ್ನೊಂದು ತಿಂಗಳಿದೆ, ಈಗಲೇ ಅಪಶಕುನ ಯಾಕೆ ಸಾರ್?" ಎಂದರು. ಎಸ್‌ಡಿಎಂಸಿ ಅಧ್ಯಕ್ಷರು ಇನ್ನೂ ನೇರ: "ನಿಮಗೆ ಮಾತಾಡೋಕೆ ವಿಷಯ ಇಲ್ಲದಿದ್ರೆ ಹೇಳಿ, ಬೇರೆಯವರನ್ನ ಕರೀತೇವೆ." ಈಗ ಅವರ ಪೈಕಿಯೇ ಇಬ್ಬರು ಜನವರಿ ಬಂತೆಂದರೆ ಫೋನ್ ಮಾಡಿ ಹುಡುಗನನ್ನು ಎಲ್ಲಿಂದ ಹುಡುಕುವುದು ಎಂದು ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಕಾಲದಲ್ಲಿ ತಲೆಯೆತ್ತಲು ಬಿಡುವಿರುವುದಿಲ್ಲ, ಉಳಿದಂತೆ ಶಾಲೆಗಳಿಗೆ ಹೋಗಿ ಮಾತಾಡುತ್ತೇನೆ. ಹದಿನೈದು ವರ್ಷದ ಮೇಲಾಯಿತು. ಸಂಪನ್ಮೂಲ ವ್ಯಕ್ತಿ ಎಂದು ಬ್ಯಾನರಿನಲ್ಲಿ ಹೆಸರು ಬರುತ್ತದೆ. ಶಾಲು, ಹಾರ, ಒಂದು ಹಣ್ಣಿನ ಬುಟ್ಟಿ, ಕೆಲವೆಡೆ ಐನೂರರ ಕವರ್. ಸಿದ್ದಾಪುರದ ಕಡೆಗೋ ಶನಿವಾರಸಂತೆಯ ಕಡೆಗೋ ಹೋಗಿಬರಲು ಪೆಟ್ರೋಲಿಗೇ ಮುನ್ನೂರು ನಾನೂರು ಹಿಡಿಯುತ್ತದೆ, ಅರ್ಧ ದಿನ ಅಂಗಡಿ ಮುಚ್ಚಬೇಕು. ಲಾಭದ ಮಾತು ಬಿಡಿ, ಮನೆಯಲ್ಲಿ ಶಾಲಿನ ರಾಶಿಯೇ ಇದೆ.

ಮೊದಲ ಹತ್ತು ವರ್ಷ ನಾನೂ ಎಲ್ಲರಂತೆ ಬಲ್ಬು ಕಂಡುಹಿಡಿದವರ ಕಥೆ, ಬೀದಿದೀಪದ ಕೆಳಗೆ ಓದಿದವರ ಕಥೆ ಹೇಳಿದವನೇ. ಚಪ್ಪಾಳೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಚಪ್ಪಾಳೆ ನಂಬಬಾರದು. ಅದು ಶಿಕ್ಷಕರು ಶುರು ಮಾಡಿದ್ದೋ ಮಕ್ಕಳು ಶುರು ಮಾಡಿದ್ದೋ ಎಂದು ನೋಡಬೇಕು. ಹಿಂದಿನ ಬೆಂಚಿನ ಹುಡುಗರ ಕಣ್ಣು ಅಡುಗೆಕೋಣೆಯ ಕಡೆ ತಿರುಗಿದರೆ, ಹುಡುಗಿಯರು ಪಕ್ಕದವಳ ಬಳೆ ಎಣಿಸಲು ಕೂತರೆ, ಭಾಷಣ ಸತ್ತಿತೆಂದೇ ಲೆಕ್ಕ. ನಮ್ಮ ಕಡೆ ಇನ್ನೊಂದು ಗಡಿಯಾರವೂ ಇದೆ. ಮೂರೂವರೆ ದಾಟಿದರೆ ತೋಟದೊಳಗಿನ ಮಕ್ಕಳಿಗೆ ಚಡಪಡಿಕೆ. ಸಂಜೆ ದಾರಿಯಲ್ಲಿ ಆನೆ ಇರುತ್ತದೆ, ಮತ್ತೆ ಆ ಹೊತ್ತಿನ ಖಾಸಗಿ ಬಸ್ಸು ತಪ್ಪಿದರೆ ಇನ್ನೊಂದಿಲ್ಲ. ಆಮೇಲೆ ನೀವು ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಶಾಸಕರ ಕಡೆಯವರು ಬರಲಿ ಎಂದು ಕಾದು ಮೂರಕ್ಕೆ ಮೈಕು ಕೊಡುವವರಿಗೆ ಈಗ ನಾನು ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತು ಊಟಕ್ಕೆ ಮುಂಚೆ, ಇಲ್ಲದಿದ್ದರೆ ಬರುವುದಿಲ್ಲ.

ನಡುವೆ ಊರಿನ ಕಥೆಯೇ ಹೇಳೋಣ ಎಂದು ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರನ್ನು ಹಿಡಿದೆ. ಆ ಲೆಕ್ಕ ನಿಜಕ್ಕೂ ಚೆನ್ನಾಗಿದೆ. 2010ರಲ್ಲಿ ಯು.ಎಸ್. ಓಪನ್ ಡಬಲ್ಸ್ ಫೈನಲ್‌ನಲ್ಲಿ ಸೋಲು. ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಸಿಕ್ಕಿದ್ದು 2017ರಲ್ಲಿ, ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ. 2023ರಲ್ಲಿ ಮತ್ತೆ ಯು.ಎಸ್. ಓಪನ್ ಫೈನಲ್, ಮತ್ತೆ ಸೋಲು. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ವಯಸ್ಸು 43, ಅದೇ ವಾರ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. 2026ರ ಹತ್ತನೇ ತರಗತಿಯವರು ಹುಟ್ಟಿದ್ದು ಹೆಚ್ಚುಕಮ್ಮಿ 2010ರಲ್ಲಿ. "ಅವರು ಆ ಫೈನಲ್ ಸೋತ ವರ್ಷ ನೀವು ತೊಟ್ಟಿಲಲ್ಲಿದ್ರಿ, ಗೆದ್ದಾಗ ಎಂಟನೇ ಕ್ಲಾಸಲ್ಲಿದ್ರಿ" ಎಂದರೆ ಸಭೆ ಒಂದು ಕ್ಷಣ ತೆಪ್ಪಗಾಗುತ್ತದೆ. ಬಳಸಿಕೊಳ್ಳಿ, ಅಡ್ಡಿಯಿಲ್ಲ.

ಆದರೆ ತೋಟದ ಕೂಲಿಗಳ ಲೈನ್‌ಮನೆಯ ಹುಡುಗನೊಬ್ಬ ಕೈಯೆತ್ತಿ, "ಸಾರ್, ಅವರಿಗೆ ತೋಟ ಇತ್ತಲ್ವಾ?" ಎಂದು ಕೇಳಿದ. ಕಾಫಿ ಬೆಳೆಗಾರರ ಮನೆಯ ಮಗ ಎನ್ನುವುದು ಅವನಿಗೂ ಗೊತ್ತು. ಕುಹಕದ ಪ್ರಶ್ನೆಯಲ್ಲ ಅದು. ಹದಿನಾಲ್ಕು ವರ್ಷ ಕಾಯುವುದಕ್ಕೆ ಮನೆಯಲ್ಲಿ ಅನ್ನ ಇರಬೇಕು ಎನ್ನುವುದು ಅವನ ಲೆಕ್ಕ. ಅವನ ಅಪ್ಪ ಅಮ್ಮ ಆ ದಿನವೂ ಕೆ.ಜಿ. ಲೆಕ್ಕದಲ್ಲಿ ಕಾಫಿ ಕುಯ್ಯುತ್ತಿದ್ದರು, ಬೀಳ್ಕೊಡುಗೆಗೆ ಬಂದಿರಲಿಲ್ಲ. ಅಂಥವನಿಗೆ ಫೇಲಾದ ಮರುದಿನ ಎದುರಿಗಿರುವುದು ಗ್ರ್ಯಾಂಡ್ ಸ್ಲ್ಯಾಮ್ ಅಲ್ಲ, ದಿನಕ್ಕೆ ನಾಲ್ಕೈದು ನೂರು ಕೂಲಿ.

ಅಲ್ಲಿಂದ ನನ್ನ ತಲೆ ತಿರುಗಿದ್ದು. ಫೇಲಾಗಿ, ಮತ್ತೆ ಕೂತು, ಈಗಷ್ಟೇ ಒಂದು ದಾರಿ ಹಿಡಿದಿರುವ, ಇವರಿಗಿಂತ ಒಂದೆರಡು ವರ್ಷ ಮಾತ್ರ ದೊಡ್ಡವನು ಬೇಕು ಎನಿಸಿತು. ಕೇಳಲು ಸುಲಭ. ಮೊದಲು ಕರೆತಂದದ್ದು ಹತ್ತನೇ ತರಗತಿ ಫೇಲಾಗಿ ಈಗ ದೊಡ್ಡ ಕಂಟ್ರಾಕ್ಟರ್ ಆದವರನ್ನು. ಕಾರಿನಲ್ಲಿ ಬಂದಿಳಿದರು, ಚೆನ್ನಾಗಿ ಮಾತಾಡಿದರು, ಮಕ್ಕಳು ಕಾರನ್ನೇ ನೋಡಿದರು. "ಅವರ ಕಾಲ ಬೇರೆ" ಎಂದು ಒಬ್ಬಳು ಹೇಳಿದ್ದು ನನ್ನ ಕಿವಿಗೇ ಬಿತ್ತು. ಮುಂದಿನ ಸಲ ಕಿರಿಯನನ್ನೇ ತಂದೆ. ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುವ ಹುಡುಗ, ಒಳ್ಳೆಯ ಬೈಕು, ಒಳ್ಳೆಯ ಮಾತು. ಮೈಕು ಸಿಕ್ಕಿದ್ದೇ ತಡ, "ಮಾರ್ಕ್ಸ್ ಕಾರ್ಡ್ ಯಾರೂ ಕೇಳೋದಿಲ್ಲ, ತಿಂಗಳಿಗೆ ಇಪ್ಪತ್ತೈದು ಸಾವಿರ ಮಾಡ್ತಿದ್ದೇನೆ" ಎಂದುಬಿಟ್ಟ. ಆ ದಿನ ಬಿದ್ದಷ್ಟು ಚಪ್ಪಾಳೆ ನನಗೆ ಎಂದೂ ಬಿದ್ದಿಲ್ಲ. ಗಣಿತದ ಮೇಡಂ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಆ ಶಾಲೆಗೆ ಮತ್ತೆ ಕರೆದಿಲ್ಲ, ಕರೆಯದಿದ್ದುದು ನ್ಯಾಯವೇ. ಮೂರನೆಯವನು ವೇದಿಕೆಗೆ ಬಂದು ಮೈಕು ಹಿಡಿದು ನಿಂತವನು ಬಾಯಿಯೇ ಬಿಡಲಿಲ್ಲ.

ಇಷ್ಟಾದ ಮೇಲೆ ಗೊತ್ತಾದದ್ದು ಎರಡು ವಿಷಯ. ಹುಡುಗ ಗೆದ್ದವನಾಗಿರಬಾರದು, ಇನ್ನೂ ನಡುದಾರಿಯಲ್ಲಿ ಇರಬೇಕು. ಮತ್ತೆ ಅವನಿಗೆ ಮೈಕು ಒಪ್ಪಿಸಬಾರದು. ನಾನು ಕೇಳುತ್ತೇನೆ, ಅವನು ಉತ್ತರ ಕೊಡುತ್ತಾನೆ. ಇಬ್ಬರೂ ಕುರ್ಚಿಯಲ್ಲಿ ಕೂತು, ಮಕ್ಕಳ ಸಾಲಿಗೆ ಹತ್ತಿರ. ವೇದಿಕೆಯ ಮೇಜು, ಹೂವಿನ ಕುಂಡ ಎಲ್ಲ ಪಕ್ಕಕ್ಕೆ. ಹನ್ನೆರಡು ನಿಮಿಷ ಅವನದು, ಏಳು ನಿಮಿಷ ನನ್ನದು. ಒಟ್ಟು ಇಪ್ಪತ್ತು ದಾಟಬಾರದು.

ಹುಡುಗನನ್ನು ಒಪ್ಪಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದರಲ್ಲಿ ಅರ್ಧ ಹೇಳುತ್ತೇನೆ. ಮೊದಲು ಹೋಗುವುದು ಅವನ ಅಮ್ಮನ ಹತ್ತಿರ. ಎಷ್ಟು ಅಂಕ ಹೇಳಬಹುದು, ಏನು ಹೇಳಬಾರದು ಎಂದು ಅವನ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತೇನೆ. ಅದರಾಚೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಆ ದಿನದ ಕೂಲಿ ಅಥವಾ ಬಸ್ ಖರ್ಚು ಎಂದು ಐನೂರು ರೂಪಾಯಿ ಮುಂಚೆಯೇ ಕೊಡುತ್ತೇನೆ, ಕಾರ್ಯಕ್ರಮ ಮುಗಿದ ಮೇಲೆ ಕೊಟ್ಟರೆ ಬಹುಮಾನದ ಹಾಗೆ ಕಾಣುತ್ತದೆ. ಈ ದುಡ್ಡು ಶಾಲೆಯಿಂದ: "ಶಾಲು ಹಾರ ಬೇಡ, ಅದರ ದುಡ್ಡು ಕೊಡಿ" ಎಂದರೆ ಆರೇಳು ನೂರು ಸಿಕ್ಕೇ ಸಿಗುತ್ತದೆ. ವೇದಿಕೆಯಲ್ಲಿ ಅವನಿಗೆ ಕೇಳುವ ಮೊದಲ ಪ್ರಶ್ನೆ ಯಾವುದು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಹೊರಗೆ ಬಿದ್ದರೆ ಮುಂದಿನ ವರ್ಷ ಎಲ್ಲ ಶಾಲೆಯಲ್ಲೂ ಅದನ್ನೇ ಕೇಳಿ ಹಳಸುತ್ತಾರೆ.

ಈಗ ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ. ಈತ 2025ರ ಫೆಬ್ರುವರಿಯಲ್ಲಿ ಇದೇ ಥರದ ಕಾರ್ಯಕ್ರಮದಲ್ಲಿ ಕೆಳಗೆ ಕೂತು ಕೇಳಿದವನು, ಆ ವರ್ಷ ಗಣಿತದಲ್ಲಿ ಫೇಲಾದವನು, ಮುಂದಿನ ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತವನು.

ಮೇ 2ಕ್ಕೆ ಫಲಿತಾಂಶ ಬಂತು. ಬರವಣಿಗೆಯಲ್ಲಿ 80ಕ್ಕೆ 19, ಆಂತರಿಕ ಅಂಕ 17. ಒಟ್ಟು 36 ಇದೆಯಲ್ಲ, ಮತ್ಯಾಕೆ ಫೇಲು ಎಂದು ಅವನ ಅಪ್ಪನಿಗೆ ಅರ್ಥವೇ ಆಗಲಿಲ್ಲ. ಆಗಿನ ನಿಯಮದಲ್ಲಿ ಬರವಣಿಗೆಯಲ್ಲೇ 28 ಬರಬೇಕಿತ್ತು. ಅಂದರೆ ಬೇಕಿದ್ದದ್ದು ಇನ್ನು ಒಂಬತ್ತು ಅಂಕ. ಫೇಲಾದವರು ಅದೇ ವರ್ಷ ಮತ್ತೆ ಬರೆಯುವ ಪರೀಕ್ಷೆ-2 ಶುರುವಾದದ್ದು ಮೇ 26ಕ್ಕೆ. ಕೈಯಲ್ಲಿ ಮೂರು ವಾರ ಚಿಲ್ಲರೆ. ನಾನು ವೇದಿಕೆಯಲ್ಲಿ ಇದನ್ನೇ ಬೋರ್ಡಿನ ಮೇಲೆ ಬರೆಸುತ್ತೇನೆ, ಅವನ ಕೈಯಲ್ಲೇ: 28ರಲ್ಲಿ 19 ಕಳೆದರೆ 9. ಗಣಿತದಲ್ಲಿ ಫೇಲಾದವನು ಎಲ್ಲರೆದುರು ಒಂದು ಲೆಕ್ಕ ಸರಿಯಾಗಿ ಮಾಡುತ್ತಾನೆ, ಮಕ್ಕಳು ನಗುತ್ತಾರೆ, ಅವನೂ ನಗುತ್ತಾನೆ. ಅಲ್ಲಿಗೆ ಬಿಗಿ ಸಡಿಲವಾಗುತ್ತದೆ.

"ಫೇಲ್ ಅಂತ ಗೊತ್ತಾದಾಗ ಎಲ್ಲಿದ್ದೆ?" ಎಂದರೆ, "ಕೆರೆ ಹತ್ರ. ಫ್ರೆಂಡ್ ಮೊಬೈಲಲ್ಲಿ ನೋಡ್ದೆ. ಮನೆಗೆ ಹೋಗ್ಲಿಲ್ಲ" ಎಂದ.

"ಎಷ್ಟು ಹೊತ್ತು?"

"ಕತ್ತಲಾಗೋ ತನಕ. ಆಮೇಲೆ ಆನೆ ಹೆದ್ರಿಕೆಗೆ ಹೋದೆ."

ಇದಕ್ಕೆ ಸಭೆ ಗೊಳ್ಳೆಂದಿತು. ಇಂಥ ಒಂದು ಸಾಲನ್ನು ನಾನು ಎಷ್ಟು ತಲೆ ಕೆರೆದುಕೊಂಡರೂ ಬರೆಯಲಾರೆ.

ಆಮೇಲೆ ಆ ಮೂರು ವಾರದ್ದು. ಶಾಲೆಗೆ ಬೇಸಿಗೆ ರಜೆ. ಫೇಲಾದವರಿಗೆ ವಿಶೇಷ ತರಗತಿ ಎಂದು ಇಲಾಖೆ ಹೇಳುತ್ತದೆ, ಆದರೆ ಮನೆಯಿಂದ ಹೊರಗೇ ಬರದವನಿಗೆ ಸುದ್ದಿ ಮುಟ್ಟಿಸುವವರು ಯಾರು? ಗಣಿತದ ಮೇಡಂ ಫೋನಿನಲ್ಲೇ ಅವನಿಗೆ ಮೂರು ಕೆಲಸ ಕೊಟ್ಟರು. ಗ್ರಾಫ್ ಎಳೆದು ಬಿಡಿಸುವ ಸಮೀಕರಣದ ಲೆಕ್ಕ, ಅದಕ್ಕೆ ನಾಲ್ಕು ಅಂಕ. ಸಂಖ್ಯಾಶಾಸ್ತ್ರದಲ್ಲಿ ಸರಾಸರಿ ಅಥವಾ ಮಧ್ಯಾಂಕದ್ದು ಒಂದು, ಮೂರು ಅಂಕ. ಮತ್ತೆ ಒಂದು ಪ್ರಮೇಯ, ಬಾಯಿಪಾಠವಾದರೂ ಸರಿ. ಉಳಿದ ಪುಸ್ತಕ ಮುಟ್ಟಲೇ ಬೇಡ ಎಂದಿದ್ದರು. ಹತ್ತು ಅಂಕದ ದಾರಿ ಅಲ್ಲೇ ಇತ್ತು. ಗ್ರಾಫಿನಲ್ಲಿ ಅವನು ಹಿಂದೆ ತಪ್ಪಿದ್ದು ಲೆಕ್ಕವನ್ನಲ್ಲ. ಋಣ ಸಂಖ್ಯೆ ಬಂದಾಗ ಚುಕ್ಕಿಯನ್ನು ಬಲಗಡೆಯೇ ಇಡುತ್ತಿದ್ದ, ಗೆರೆಗಳು ಸೇರುತ್ತಲೇ ಇರಲಿಲ್ಲ, ಅರ್ಧಕ್ಕೆ ಬಿಟ್ಟು ಮುಂದೆ ಹೋಗುತ್ತಿದ್ದ. ಇದನ್ನು ಅವನ ಬಾಯಿಂದ ಹೇಳಿಸಿದಾಗ ಕೆಳಗೆ ಕೂತ ಐದಾರು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರದೂ ಅದೇ ತಪ್ಪು ಎಂದು ಆಮೇಲೆ ಮೇಡಂ ಹೇಳಿದರು. ಸೋಲಿನ ಬಗ್ಗೆ ಒಂದು ಗಂಟೆ ಮಾತಾಡುವುದಕ್ಕಿಂತ ಸೋಲು ಯಾವ ಸಾಲಿನಲ್ಲಿ ಆಯಿತು ಎಂದು ತೋರಿಸಿದರೆ ಸಾಕು ಎನ್ನುವುದು ನನ್ನ ವಾದ, ಒಪ್ಪದವರು ಇದ್ದಾರೆ.

ಪರೀಕ್ಷೆ-2ರಲ್ಲಿ ಬರವಣಿಗೆಗೆ ಮೂವತ್ತರ ಮೇಲೆ ಒಂದೋ ಎರಡೋ ಬಂತು. ಅದೇ ವರ್ಷ ಐಟಿಐ ಎಲೆಕ್ಟ್ರಿಷಿಯನ್ ಸೇರಿದ, ವರ್ಷ ಕಳೆದುಕೊಳ್ಳಲಿಲ್ಲ.

ಇಲ್ಲಿಂದ ನನ್ನ ಏಳು ನಿಮಿಷ. ಉಪದೇಶ ಇಲ್ಲ, ಕ್ಯಾಲೆಂಡರ್ ಮಾತ್ರ. ಈಗ ವರ್ಷಕ್ಕೆ ಒಂದೇ ಪರೀಕ್ಷೆಯಲ್ಲ, ಮೊದಲನೆಯದು ಹೋದರೆ ಎರಡನೆಯದು; 2025ರಲ್ಲಿ ಮೂರನೆಯದೂ ಇತ್ತು. ಪಾಸಾದವನೂ ಅಂಕ ಸಾಲದಿದ್ದರೆ ಮತ್ತೆ ಬರೆಯಬಹುದು, ಹೆಚ್ಚು ಬಂದದ್ದೇ ಉಳಿಯುತ್ತದೆ. ಫಲಿತಾಂಶ ಬಂದ ಮೇಲೆ ಹೆಸರು ನೋಂದಾಯಿಸಲು ಸಿಗುವುದು ಕೆಲವೇ ದಿನ. ಮಕ್ಕಳು ಕಳೆದುಕೊಳ್ಳುವುದು ಪರೀಕ್ಷೆಯನ್ನಲ್ಲ, ಈ ಕೆಲವು ದಿನಗಳನ್ನು. ಮುಖ ತೋರಿಸಲಾಗದೆ ಅಡಗಿಕೊಂಡು ಹೊರಗೆ ಬರುವಷ್ಟರಲ್ಲಿ ಕೊನೆಯ ದಿನ ದಾಟಿರುತ್ತದೆ. ಆದ್ದರಿಂದ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ "ಫೇಲಾದರೆ ಆ ದಿನ ನಾನು ಮೊದಲು ಫೋನ್ ಮಾಡುವುದು ಇವರಿಗೆ" ಎಂದು ಒಂದು ಹೆಸರು ಬರೆಯಬೇಕು. ಪಾಸಾಗುವವರೂ ಬರೆಯಬೇಕು, ಇಲ್ಲದಿದ್ದರೆ ಯಾರು ಯಾರು ಬರೆಯುತ್ತಿದ್ದಾರೆ ಎಂದು ಅಕ್ಕಪಕ್ಕದವರು ನೋಡುತ್ತಾರೆ. ಚೀಟಿಯನ್ನು ನಾವು ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಲ್‌ ಟಿಕೆಟ್ ಇಡುವ ಕವರಿನಲ್ಲೇ ಇಟ್ಟುಕೊಳ್ಳಬೇಕು. ಹೆಚ್ಚಿನವರು ಅಪ್ಪ ಅಮ್ಮನ ಹೆಸರು ಬರೆಯುವುದಿಲ್ಲ, ಚಿಕ್ಕಮ್ಮ, ಸೋದರಮಾವ, ಯಾವುದೋ ಅಣ್ಣ. ನನ್ನ ನಂಬರ್ ಬರೆದವರೂ ಇದ್ದಾರೆ. ಫಲಿತಾಂಶದ ದಿನ ಅಂಗಡಿಯಲ್ಲಿ ವೈಂಡಿಂಗ್ ಕೆಲಸ ಹಿಡಿಯುವುದಿಲ್ಲ, ಕೈ ಖಾಲಿ ಇರಬೇಕು.

ಚೀಟಿಯ ಹಿಂಬದಿಯಲ್ಲಿ ದಾರಿಯ ವಿಷಯ. ಏನಾಗಬೇಕು ಎಂದು ನಾನು ಕೇಳುವುದಿಲ್ಲ, ಕೇಳಿದರೆ ಡಾಕ್ಟರ್, ಮಿಲಿಟರಿ, ಐಎಎಸ್ ಎಂದೇ ಬರೆಯುತ್ತಾರೆ. ನೀನು ಮಾಡಬೇಕೆಂದಿರುವ ಕೆಲಸವನ್ನು ಈಗ ಮಾಡುತ್ತಿರುವ, ಒಂದು ಬಸ್ಸಿನಲ್ಲಿ ಹೋಗಿ ಬರಬಹುದಾದ ಒಬ್ಬರ ಹೆಸರು ಬರೆ ಎನ್ನುತ್ತೇನೆ. ಅಲ್ಲಿ ಅರ್ಧ ಮಂದಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೆಸರೇ ಸಿಗದಿದ್ದರೆ ಆ ಕೆಲಸದ ಬಗ್ಗೆ ಅವರಿಗೆ ಗೊತ್ತಿರುವುದು ಟಿವಿಯಲ್ಲಿ ನೋಡಿದ್ದಷ್ಟೆ. ಹೆಸರು ಸಿಕ್ಕವರು ಏಪ್ರಿಲ್ ರಜೆಯಲ್ಲಿ ಒಂದು ದಿನ ಅಲ್ಲಿ ಹೋಗಿ ಬೆಳಗಿನಿಂದ ಸಂಜೆಯವರೆಗೆ ಕೂರಬೇಕು. ಲ್ಯಾಬ್ ಟೆಕ್ನಿಷಿಯನ್ ಆಗುತ್ತೇನೆಂದ ಹುಡುಗಿ ಒಬ್ಬಳು ಕುಶಾಲನಗರದಲ್ಲಿ ಒಂದು ದಿನ ಕೂತು ಬಂದು, ರಕ್ತ ನೋಡಿ ತಲೆ ಸುತ್ತಿತು ಎಂದು ಕಾಮರ್ಸ್ ತಗೊಂಡಳು. ಎರಡು ವರ್ಷ ಉಳಿಯಿತು. ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ನಮ್ಮ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಹಾಗಾಗಿ ಐವತ್ತು ನೂರು ರೂಪಾಯಿ ಕೈಯಿಂದ ಹಾಕಬೇಕಾಗುತ್ತದೆ.

ಇನ್ನೊಂದು ಮಾತನ್ನು ಪ್ರತಿ ಸಲ ಹೇಳುತ್ತೇನೆ, ಯಾಕೆಂದರೆ ಶಿಕ್ಷಕರಿಗೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಐಟಿಐ ಎಂದರೆ ದಾರಿ ಮುಚ್ಚಿತು ಎಂದಲ್ಲ. ಎರಡು ವರ್ಷದ ಟ್ರೇಡ್ ಮುಗಿಸಿದವನು ಡಿಪ್ಲೊಮಾಕ್ಕೆ ನೇರ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಬಿ.ಇ. ಎರಡನೇ ವರ್ಷಕ್ಕೆ. ಪಿಯುಸಿ ಬಾಗಿಲನ್ನೇ ತಟ್ಟದೆ ಎಂಜಿನಿಯರ್ ಆಗಬಹುದು, ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಇದರ ಕಷ್ಟವನ್ನೂ ಹೇಳುತ್ತೇನೆ: ಡಿಪ್ಲೊಮಾಕ್ಕೆ ಬಂದ ಐಟಿಐ ಹುಡುಗರು ಗಣಿತದಲ್ಲೇ ಎಡವುವುದು. ಗ್ರಾಫಿನಲ್ಲಿ ಚುಕ್ಕಿ ತಪ್ಪಿಟ್ಟವನಿಗೆ ಅಲ್ಲಿಯೂ ಅದೇ ಚುಕ್ಕಿ ಕಾದಿರುತ್ತದೆ.

ಫಲ ಏನಾಯಿತು? 2025ರಲ್ಲಿ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ. 62ರ ಆಸುಪಾಸು, ನಮ್ಮ ಜಿಲ್ಲೆಯದು ಶೇ. 82ರ ಸುತ್ತ. ಜಿಲ್ಲೆ ಚೆನ್ನಾಗಿ ಮಾಡಿತು ಎಂದು ಪೇಪರಿನಲ್ಲಿ ಬಂತು, ಆದರೆ ಆ ಲೆಕ್ಕದಲ್ಲೂ ಐವತ್ತು ಮಕ್ಕಳ ತರಗತಿಯಲ್ಲಿ ಎಂಟೊಂಬತ್ತು ಮಂದಿ ಉಳಿಯುತ್ತಾರೆ. ನಾನು ಹೇಳುತ್ತಿರುವ ಶಾಲೆಯಲ್ಲೂ ಅಷ್ಟೇ, ನಲವತ್ತೈದು ಐವತ್ತರಲ್ಲಿ ಎಂಟು ಮಂದಿ. ಹಿಂದಿನ ವರ್ಷ ಅಷ್ಟೇ ಜನ ಫೇಲಾಗಿ ಮತ್ತೆ ಬರೆದವರು ಇಬ್ಬರೋ ಮೂವರೋ, ಉಳಿದವರು ತೋಟಕ್ಕೋ ಬೆಂಗಳೂರಿಗೋ. ಈ ಸಲ ಒಬ್ಬನನ್ನು ಬಿಟ್ಟು ಎಲ್ಲರೂ ಹೆಸರು ಕೊಟ್ಟರು. ಎರಡನೇ ಪರೀಕ್ಷೆಯಲ್ಲಿ ಐದು ಮಂದಿ, ಮೂರನೆಯದರಲ್ಲಿ ಇನ್ನೊಬ್ಬ ಪಾಸು. ಎಲ್ಲವೂ ನನ್ನ ಭಾಷಣದಿಂದ ಎಂದು ಹೇಳಿಕೊಳ್ಳುವುದಿಲ್ಲ, ಮೇಡಂ ರಜೆಯಲ್ಲಿ ಫೋನ್ ಎತ್ತದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಫಲಿತಾಂಶದ ಸಂಜೆಯೇ ಅವರಿಗೆ ನಾಲ್ಕು ಫೋನು ಬಂದದ್ದು ಚೀಟಿಯಿಂದ, ಅದರಲ್ಲಿ ಅನುಮಾನವಿಲ್ಲ. ಐದಾರು ಸಾವಿರ ತಗೊಂಡು ಪ್ರೊಜೆಕ್ಟರ್ ಹಾಕಿ ಮಕ್ಕಳನ್ನು ಅಳಿಸಿ ಹೋಗುವವರು ಯಾರಾದರೂ ಇಷ್ಟು ಲೆಕ್ಕ ಕೊಡಲಿ, ನಾನೇ ಅವರಿಗೆ ಶಾಲು ಹೊದಿಸುತ್ತೇನೆ. ರಾಶಿ ಇದೆಯಲ್ಲ.

ನಡುವೆ ಮಾಡಿನೋಡಿ ಬಿಟ್ಟದ್ದೂ ಇದೆ. ತಮ್ಮ ಸೋಲಿನ ಬಗ್ಗೆ ಹತ್ತು ಸಾಲು ಬರೆಯಿರಿ ಎಂದರೆ ಒಂದು ಸಾಲಿನ ಬೆಂಚಿನವರೆಲ್ಲ ಸೈಕಲಿನಿಂದ ಬಿದ್ದ ಕಥೆಯನ್ನೇ ಬರೆದರು, ಒಬ್ಬನದನ್ನು ನೋಡಿ ಇನ್ನೊಬ್ಬ. ಸಂಜೆ ಪೋಷಕರಿಗೆ ಬೇರೆ ಸಭೆ ಮಾಡಿದರೆ ಕುಯ್ಲಿನ ಕಾಲದಲ್ಲಿ ಬಂದವರು ಆರು ಜನ. ಅದನ್ನು ಮಳೆಗಾಲಕ್ಕೆ ಹಾಕಿ ನೋಡಬೇಕು. ಭಾಷೆಯ ಪ್ರಯೋಗ ಮಾತ್ರ ಫಲಿಸಿತು. ನಮ್ಮ ತರಗತಿಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಇರುತ್ತದೆ. ಹುಡುಗ ಕನ್ನಡದಲ್ಲಿ ತಡವರಿಸಿದರೆ ಮನೆ ಮಾತಿನಲ್ಲೇ ಹೇಳು ಎನ್ನುತ್ತೇನೆ, ಯಾರಾದರೂ ಕೆಳಗಿನಿಂದಲೇ ಕನ್ನಡಕ್ಕೆ ತಂದು ಹೇಳುತ್ತಾರೆ. ಹಾಗೆ ಹೇಳುವವರು ಸಾಮಾನ್ಯವಾಗಿ ತರಗತಿಯಲ್ಲಿ ಬಾಯಿ ಬಿಡದ ಮಕ್ಕಳೇ.

ಒಂದು ಮಾತ್ರ ಇನ್ನೂ ಕೈಗೂಡಿಲ್ಲ. ಹುಡುಗಿಯರನ್ನು ಆ ಕುರ್ಚಿಗೆ ಕರೆತರಲಾಗಿಲ್ಲ. ಇಬ್ಬರು ತಾವಾಗಿ ಒಪ್ಪಿದರು, ಒಬ್ಬಳ ಅಪ್ಪ, ಇನ್ನೊಬ್ಬಳ ಅಣ್ಣ ಬೇಡವೆಂದರು. ಹುಡುಗ ಫೇಲಾದದ್ದು ಮೂರು ತಿಂಗಳ ಮಾತು, ಹುಡುಗಿಯದು ಮದುವೆ ಮಾತಿನ ತನಕ ಬರುತ್ತದೆ ಎಂದು ಆ ಅಪ್ಪ ಹೇಳಿದರು, ಅವರ ಜೊತೆ ವಾದ ಮಾಡಲಿಲ್ಲ. ಮುಂದಿನ ಫೆಬ್ರುವರಿಗೆ ವೇದಿಕೆಯೇ ಬೇಡ, ಹುಡುಗಿಯರನ್ನಷ್ಟೇ ಒಂದು ಕೋಣೆಯಲ್ಲಿ ಕೂರಿಸಿ, ನಾನು ಹೊರಗಿದ್ದು, ಗಣಿತದ ಮೇಡಂ ಅವರೇ ಪ್ರಶ್ನೆ ಕೇಳಲಿ ಎಂದು ಯೋಚಿಸಿದ್ದೇವೆ. ಮೇಡಂ ಒಪ್ಪಿದ್ದಾರೆ, ಎಚ್‌ಎಂ ಇನ್ನೂ ಯೋಚಿಸುತ್ತಿದ್ದಾರೆ. ಆ ಮೊದಲ ಪ್ರಶ್ನೆಯನ್ನು ಮೇಡಂಗೆ ಮಾತ್ರ ಹೇಳಿಕೊಟ್ಟಿದ್ದೇನೆ.